ಮದುವೆಯ ನಂತರ ಮಾರ್ಕ್ಸ್ ಕಾರ್ಡಿನ ಹೆಸರು: ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯ ಒಂದು ಕಾಲೇಜಿನ ಕಚೇರಿಯಲ್ಲಿ ನನ್ನ ಕೆಲಸ. ಹಳೆ ವಿದ್ಯಾರ್ಥಿಗಳು, ಅದರಲ್ಲೂ ಮದುವೆಯಾಗಿ ಗಲ್ಫ್‌ಗೋ ಬೆಂಗಳೂರಿಗೋ ಹೋದ ಹೆಣ್ಣುಮಕ್ಕಳು, ಕೌಂಟರಿನಲ್ಲಿ ನಿಂತು, ಫೋನ್ ಮಾಡಿ, ಪತ್ರ ಬರೆದು ಜಾಸ್ತಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಲು ತಿಳಿಯಬೇಕಾದದ್ದು

ಮದುವೆ ಆಯಿತು, ಆಧಾರ್‌ನಲ್ಲಿ ಗಂಡನ ಸರ್‌ನೇಮ್ ಬಂತು. ಇನ್ನು ಎಸ್ಸೆಸ್ಸೆಲ್ಸಿ, ಡಿಗ್ರಿ ಸರ್ಟಿಫಿಕೇಟ್ ಎಲ್ಲದರಲ್ಲೂ ಬದಲಾಯಿಸಲೇಬೇಕಾ?

ಬೇಡ. ಮದುವೆಯಾದ ಮೇಲೆ ಗಂಡನ ಹೆಸರು ಸೇರಿಸಿಕೊಳ್ಳಬೇಕು ಎಂದು ಯಾವ ಕಾನೂನೂ ಹೇಳುವುದಿಲ್ಲ. ಸೇರಿಸಿಕೊಂಡರೂ ಓದಿನ ದಾಖಲೆ ತಿದ್ದಬೇಕು ಎಂದೇನೂ ಇಲ್ಲ. ಮಾರ್ಕ್ಸ್ ಕಾರ್ಡ್ ಹೇಳುವುದು ಇಷ್ಟೇ: ಇಂಥ ವರ್ಷ, ಇಂಥ ಹೆಸರಿನಲ್ಲಿ ದಾಖಲಾಗಿದ್ದ ವಿದ್ಯಾರ್ಥಿ ಈ ಪರೀಕ್ಷೆ ಪಾಸಾದರು. ಆ ದಿನ ನಿಮ್ಮ ಹೆಸರು ಅದೇ ಆಗಿತ್ತು. ಹಾಗಾಗಿ ಅದರಲ್ಲಿ ತಪ್ಪೇನೂ ಇಲ್ಲ. ಬೋರ್ಡ್ ಮತ್ತು ವಿಶ್ವವಿದ್ಯಾಲಯಗಳು ಮದುವೆ ಎಂಬ ಒಂದೇ ಕಾರಣಕ್ಕೆ ಹಳೆಯ ಸರ್ಟಿಫಿಕೇಟ್ ಬದಲಾಯಿಸಲು ಸಾಮಾನ್ಯವಾಗಿ ಒಪ್ಪದಿರುವುದೂ ಇದೇ ಕಾರಣಕ್ಕೆ.

ನಿಮಗೆ ನಿಜವಾಗಿ ಬೇಕಾಗುವುದು ಬೇರೆ. ಹಳೆ ಹೆಸರಿನವರೂ ಹೊಸ ಹೆಸರಿನವರೂ ಒಬ್ಬರೇ ಎಂದು ತೋರಿಸುವ ಕಾಗದ ಬೇಕು. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರ ಕೆಲಸ ಅದರಲ್ಲೇ ಮುಗಿಯುತ್ತದೆ. ಸರ್ಟಿಫಿಕೇಟ್ ತಿದ್ದಿಸುವ ದಾರಿ ಹಿಡಿಯುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಹತ್ತಿರ ದಾಖಲೆ ಕೇಳುತ್ತಿರುವ ಕಂಪನಿ, ಕಾಲೇಜು ಅಥವಾ ರಾಯಭಾರ ಕಚೇರಿಯನ್ನೇ ಬರಹದಲ್ಲಿ ಕೇಳಿ: 'ಮದುವೆ ಸರ್ಟಿಫಿಕೇಟ್ ಮತ್ತು ಅಫಿಡವಿಟ್ ಕೊಟ್ಟರೆ ಆಗುತ್ತದಾ?' ಅವರ ಉತ್ತರ ಬರುವ ತನಕ ಒಂದು ರೂಪಾಯಿಯೂ ಖರ್ಚು ಮಾಡಬೇಡಿ.

ಮದುವೆ ಸರ್ಟಿಫಿಕೇಟ್ ಒಂದೇ ಸಾಕಾಗುವುದಿಲ್ವಾ?

ಸಾಕಾಗಬಹುದು. ಅದು ಅದರಲ್ಲಿರುವ ಹೆಸರಿನ ಮೇಲೆ ಹೋಗುತ್ತದೆ. ನಮ್ಮವರು ಎಡವುವುದು ಇಲ್ಲೇ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆ ನೋಂದಣಿ ಮಾಡಿಸುವಾಗ ವಧುವಿನ ಹೆಸರಿನ ಜಾಗದಲ್ಲಿ ಉತ್ಸಾಹದಿಂದ ಗಂಡನ ಸರ್‌ನೇಮ್ ಸೇರಿಸಿಯೇ ಬರೆಸಿಬಿಡುತ್ತಾರೆ. ಆಗ ಆ ಸರ್ಟಿಫಿಕೇಟಿನಲ್ಲಿ ಹಳೆಯ ಹೆಸರೇ ಇರುವುದಿಲ್ಲ. ಹಳೆಯದಕ್ಕೂ ಹೊಸದಕ್ಕೂ ಸಂಬಂಧ ತೋರಿಸಬೇಕಾದ ಕಾಗದ ಹೊಸ ಹೆಸರನ್ನು ಮಾತ್ರ ಹೇಳುತ್ತದೆ.

ನೋಂದಣಿ ಇನ್ನೂ ಆಗಿಲ್ಲ ಎಂದಾದರೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇದ್ದಂತೆಯೇ, ಇನಿಷಿಯಲ್ ಸಮೇತ, ಅದೇ ಸ್ಪೆಲ್ಲಿಂಗಿನಲ್ಲಿ ಬರೆಸಿ. ಅಪ್ಪನ ಹೆಸರೂ ಹಾಗೆಯೇ ಇರಲಿ. ಹೀಗೆ ಮಾಡಿದವರಿಗೆ ಮುಂದೆ ಪಾಸ್‌ಪೋರ್ಟ್, ಪಾನ್, ಆಧಾರ್ ಎಲ್ಲ ಕಡೆ ಇದೊಂದೇ ದಾಖಲೆ ಕೆಲಸಕ್ಕೆ ಬರುತ್ತದೆ. ಆಧಾರ್‌ನಲ್ಲಿ ಹೆಸರು ತಿದ್ದಲು ಸಾಮಾನ್ಯವಾಗಿ ಎರಡು ಸಲ ಮಾತ್ರ ಅವಕಾಶ ಎಂಬುದೂ ನೆನಪಿರಲಿ. ಅಲ್ಲಿ ಯಾವ ಹೆಸರು ಬೇಕು ಎಂದು ಮೊದಲೇ ಗಟ್ಟಿ ಮಾಡಿಕೊಂಡು ಹೋಗಿ.

ನನ್ನದು ಪ್ರಿಂಟ್ ತಪ್ಪಾ, ಹೆಸರು ಬದಲಾವಣೆಯಾ? ಹೇಗೆ ಗೊತ್ತಾಗುವುದು?

ನೀವು ಓದಿದ ಶಾಲೆಯ ದಾಖಲಾತಿ ರಿಜಿಸ್ಟರ್ ನೋಡಿದರೆ ಗೊತ್ತಾಗುತ್ತದೆ. ರಿಜಿಸ್ಟರಿನಲ್ಲಿ ಸರಿ ಇದ್ದು ಮಾರ್ಕ್ಸ್ ಕಾರ್ಡಿನಲ್ಲಿ ಬೇರೆ ಬಂದಿದ್ದರೆ ಅದು ತಪ್ಪು. ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ, ರಿಜಿಸ್ಟರಿನ ದೃಢೀಕೃತ ಪ್ರತಿ ಇಟ್ಟು, ಬೋರ್ಡಿಗೆ ತಿದ್ದುಪಡಿ ಅರ್ಜಿ ಹಾಕಬಹುದು. ಇದಕ್ಕೆ ಗೆಜೆಟ್, ಪೇಪರ್ ಜಾಹೀರಾತು ಯಾವುದೂ ಬೇಡ.

ರಿಜಿಸ್ಟರಿನಲ್ಲೂ ಮಾರ್ಕ್ಸ್ ಕಾರ್ಡಿನಲ್ಲೂ ಒಂದೇ ಹೆಸರಿದ್ದು, ಈಗ ನಿಮಗೆ ಬೇರೆ ಹೆಸರು ಬೇಕು ಎಂದಾದರೆ ಅದು ಬದಲಾವಣೆ. ಮದುವೆಯ ಸರ್‌ನೇಮ್ ಇದರಲ್ಲೇ ಬರುತ್ತದೆ. ಎರಡಕ್ಕೂ ದಾರಿ ಬೇರೆ, ಕಾಗದ ಬೇರೆ. ಬದಲಾವಣೆಯನ್ನು 'ತಪ್ಪು ತಿದ್ದುಪಡಿ' ಎಂದು ಬರೆದು ಅರ್ಜಿ ಹಾಕಿದರೆ ರಿಜಿಸ್ಟರ್ ನೋಡಿದ ಕೂಡಲೇ ಅದು ವಾಪಸ್ ಬರುತ್ತದೆ. ಅಷ್ಟರಲ್ಲಿ ತಿಂಗಳುಗಳು ಹೋಗಿರುತ್ತವೆ.

ನಮ್ಮ ಕರಾವಳಿಯಲ್ಲಿ ಮೂರನೆಯದೊಂದು ಉಂಟು. ಶಾಲೆಯಲ್ಲಿ ಹೆಸರಿನ ಮುಂದೆ 'ಕೆ.' ಎಂದು ಒಂದಕ್ಷರ ಬರೆಸಿರುತ್ತಾರೆ. ಅದು ಕೋಟ್ಯಾನ್ ಎಂಬ ಕುಲದ ಹೆಸರು ಇರಬಹುದು, ಕಾಪು ಎಂಬ ಊರಿನ ಹೆಸರು ಇರಬಹುದು, ಮನೆಯ ಹೆಸರೂ ಇರಬಹುದು. ಪಾಸ್‌ಪೋರ್ಟ್ ಮಾಡಿಸುವಾಗ ಅದನ್ನು ಬಿಡಿಸಿ ಬರೆಯಬೇಕಾಗುತ್ತದೆ. ಇದು ತಪ್ಪೂ ಅಲ್ಲ, ಪೂರ್ತಿ ಬದಲಾವಣೆಯೂ ಅಲ್ಲ. ಇನಿಷಿಯಲ್‌ನ ವಿಸ್ತರಣೆಯನ್ನು ಹೆಚ್ಚಾಗಿ ಅಫಿಡವಿಟ್‌ನಲ್ಲೇ ಮುಗಿಸಬಹುದು.

## ಅಫಿಡವಿಟ್

ಅಫಿಡವಿಟ್‌ನಲ್ಲಿ ಏನೇನು ಬರೆಸಬೇಕು? ನೋಟರಿ ಹತ್ತಿರ ರೆಡಿ ಇರುವ ಫಾರ್ಮ್ ಸಾಕಾ?

ಮೊದಲು ಯಾವ ಅಫಿಡವಿಟ್ ಎಂದು ತೀರ್ಮಾನಿಸಿ. ಎರಡು ಬಗೆ ಉಂಟು. 'ಈ ಎರಡೂ ಹೆಸರು ನನ್ನವೇ' ಎಂದು ಹೇಳುವುದು ಒಂದು. 'ಇಂದಿನಿಂದ ಹಳೆಯ ಹೆಸರು ಬಿಟ್ಟು ಹೊಸ ಹೆಸರು ಇಟ್ಟುಕೊಂಡಿದ್ದೇನೆ' ಎಂದು ಹೇಳುವುದು ಇನ್ನೊಂದು. ಗೆಜೆಟ್‌ಗೆ ಬೇಕಾದದ್ದು ಎರಡನೆಯದು. ಉದ್ಯೋಗ, ವೀಸಾ, ಮುಂದಿನ ಓದಿಗೆ ಸಾಮಾನ್ಯವಾಗಿ ಕೇಳುವುದು ಮೊದಲನೆಯದು. ನೋಟರಿಯ ಟೈಪಿಸ್ಟ್ ಹತ್ತಿರ ಸುಮ್ನೆ 'ಹೆಸರಿನ ಅಫಿಡವಿಟ್' ಎಂದರೆ ಯಾವುದು ಸಿಗುತ್ತದೆ ಎಂದು ಹೇಳಲಿಕ್ಕೆ ಆಗುವುದಿಲ್ಲ.

ಮೊದಲ ಬಗೆಯ ಅಫಿಡವಿಟ್‌ನ ಮುಖ್ಯ ಭಾಗ ಹೀಗಿರಲಿ:

'ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ (ನೋಂದಣಿ ಸಂಖ್ಯೆ, ವರ್ಷ) ಮತ್ತು ಪದವಿ ಪ್ರಮಾಣಪತ್ರದಲ್ಲಿ (ನೋಂದಣಿ ಸಂಖ್ಯೆ, ವರ್ಷ) ನನ್ನ ಹೆಸರು ವಿದ್ಯಾ ಕೆ. ಎಂದು ದಾಖಲಾಗಿದೆ. ನನ್ನ ಮದುವೆ ಇಂಥ ದಿನ ಇಂಥವರೊಂದಿಗೆ ನಡೆದು, ಇಂಥ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಇಂಥ ಸಂಖ್ಯೆಯಲ್ಲಿ ನೋಂದಣಿಯಾಗಿದೆ. ಆ ನಂತರ ಆಧಾರ್ ಮತ್ತು ಪಾಸ್‌ಪೋರ್ಟ್‌ನಲ್ಲಿ (ಸಂಖ್ಯೆ) ನನ್ನ ಹೆಸರು ವಿದ್ಯಾ ಸುವರ್ಣ ಎಂದು ದಾಖಲಾಗಿದೆ. ವಿದ್ಯಾ ಕೆ. ಮತ್ತು ವಿದ್ಯಾ ಸುವರ್ಣ ಎಂಬ ಎರಡೂ ಹೆಸರುಗಳು ನನ್ನವೇ. ಇಬ್ಬರೂ ಒಬ್ಬರೇ ವ್ಯಕ್ತಿ. ಎಲ್ಲ ದಾಖಲೆಗಳಲ್ಲಿ ನನ್ನ ಜನ್ಮದಿನಾಂಕ ಮತ್ತು ತಂದೆ ತಾಯಿಯ ಹೆಸರು ಒಂದೇ ಆಗಿದೆ.'

ಕೊನೆಯ ಸಾಲು ಬಹಳ ಮುಖ್ಯ. ಹೆಸರು ಬೇರೆಯಾದರೂ ಜನ್ಮದಿನಾಂಕ, ತಂದೆ ತಾಯಿ ಒಂದೇ ಎಂದಾಗ ಓದುವ ಅಧಿಕಾರಿಗೆ ಧೈರ್ಯ ಬರುತ್ತದೆ. ಆ ಸಾಲು ನಿಮ್ಮ ವಿಷಯದಲ್ಲಿ ನಿಜವಲ್ಲದಿದ್ದರೆ ಬರೆಸಬೇಡಿ. ಅಪ್ಪನ ಹೆಸರು ಒಂದು ಕಡೆ ಪೂರ್ತಿ, ಇನ್ನೊಂದು ಕಡೆ ಇನಿಷಿಯಲ್‌ನಲ್ಲಿ ಇದ್ದರೆ ಅದನ್ನೂ ಒಂದು ಸಾಲಿನಲ್ಲಿ ಬಿಡಿಸಿ ಹೇಳಿ. ಹೊರರಾಜ್ಯಕ್ಕೋ ಹೊರದೇಶಕ್ಕೋ ಹೋಗುವ ಅಫಿಡವಿಟ್ ಇಂಗ್ಲಿಷ್‌ನಲ್ಲಿ ಇರಲಿ. ಹೆಸರುಗಳನ್ನು ಸರ್ಟಿಫಿಕೇಟ್ ಎದುರಿಗೆ ಇಟ್ಟುಕೊಂಡು ಅಕ್ಷರ ಅಕ್ಷರ ನೋಡಿ ಟೈಪ್ ಮಾಡಿಸಿ. 'ಕೆ' ನಂತರ ಚುಕ್ಕೆ ಇದೆಯಾ, ಇನಿಷಿಯಲ್ ಹಿಂದೆ ಇದೆಯಾ ಮುಂದೆ ಇದೆಯಾ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ.

ಸ್ಟಾಂಪ್ ಪೇಪರ್ ಎಷ್ಟು ರೂಪಾಯಿಯದ್ದು? ನೋಟರಿ ಸಾಕಾ, ಮ್ಯಾಜಿಸ್ಟ್ರೇಟ್ ಎದುರು ಹೋಗಬೇಕಾ?

ಕರ್ನಾಟಕದಲ್ಲಿ ಅಫಿಡವಿಟ್‌ನ ಮುದ್ರಾಂಕ ಶುಲ್ಕ ಮೊದಲು 20 ರೂಪಾಯಿ ಇತ್ತು. 2024ರ ಆರಂಭದಿಂದ ಅದು 100 ರೂಪಾಯಿ. ಹಳೆಯ ನೆನಪಿನಲ್ಲಿ 20 ರೂಪಾಯಿಯ ಇ-ಸ್ಟಾಂಪ್ ತಂದವರು ಮತ್ತೆ ತೆಗೆಯಬೇಕಾಗುತ್ತದೆ. ಇ-ಸ್ಟಾಂಪ್ ತೆಗೆಯುವಾಗ ಮೊದಲ ಪಾರ್ಟಿಯಾಗಿ ನಿಮ್ಮ ಹೆಸರು ಇರಲಿ. ಮನೆಯವರು ಹೋಗಿ ತಂದರೂ ಅವರ ಹೆಸರಿನಲ್ಲಿ ತೆಗೆಸಬೇಡಿ. ದಾಖಲೆಯ ಬಗೆ ಅಫಿಡವಿಟ್ ಎಂದೇ ಇರಲಿ.

ಹೆಚ್ಚಿನ ಕಡೆ ನೋಟರಿ ಸಾಕು. ಕೆಲವು ವಿಶ್ವವಿದ್ಯಾಲಯಗಳು ಮೊದಲ ದರ್ಜೆ ಮ್ಯಾಜಿಸ್ಟ್ರೇಟ್ ಎದುರು ಪ್ರಮಾಣ ಮಾಡಿದ್ದೇ ಬೇಕು ಎನ್ನುತ್ತವೆ. ಹಾಗಾಗಿ ಅರ್ಜಿಯ ಸೂಚನೆ ಓದಿದ ಮೇಲೆಯೇ ಮಾಡಿಸಿ. ನೋಟರಿ ಎದುರು ನೀವೇ ಹಾಜರಿದ್ದು ಸಹಿ ಹಾಕಬೇಕು. ಎಲ್ಲ ಪುಟದಲ್ಲೂ ಸಹಿ ಮತ್ತು ಮುದ್ರೆ, ನೋಟರಿಯ ರಿಜಿಸ್ಟರ್ ಸಂಖ್ಯೆ, ದಿನಾಂಕ ಇವೆಯಾ ಎಂದು ಅಲ್ಲೇ ನೋಡಿಕೊಳ್ಳಿ. ಒಂದರ ಬದಲು ಎರಡು ಮೂಲ ಪ್ರತಿ ಮಾಡಿಸಿದರೆ ಒಳ್ಳೆಯದು. ಒಂದನ್ನು ಯಾವುದಾದರೂ ಕಚೇರಿ ಇಟ್ಟುಕೊಂಡೇ ಬಿಡುತ್ತದೆ.

ನಾನು ಕುವೈತ್‌ನಲ್ಲಿದ್ದೇನೆ. ಅಫಿಡವಿಟ್‌ಗಾಗಿ ಊರಿಗೆ ಬರಬೇಕಾ? ಅಮ್ಮ ನನ್ನ ಪರವಾಗಿ ಸಹಿ ಹಾಕಬಹುದಾ?

ಅಮ್ಮ ಹಾಕಲು ಆಗುವುದಿಲ್ಲ. ಅಫಿಡವಿಟ್ ಎಂದರೆ ನಿಮ್ಮ ಪ್ರಮಾಣ. ಅರ್ಜಿ ಕೊಡಲು, ಸರ್ಟಿಫಿಕೇಟ್ ಪಡೆಯಲು ಅಧಿಕಾರಪತ್ರ ಕೊಟ್ಟು ಮನೆಯವರನ್ನು ಕಳಿಸಬಹುದು. ಪ್ರಮಾಣ ಮಾತ್ರ ನೀವೇ ಮಾಡಬೇಕು.

ಬರಬೇಕಾಗಿಯೂ ಇಲ್ಲ. ಅಲ್ಲಿಯ ಭಾರತೀಯ ರಾಯಭಾರ ಕಚೇರಿಯ ಅಧಿಕಾರಿ ಎದುರು ಪ್ರಮಾಣ ಮಾಡಬಹುದು. 1948ರ ರಾಜತಾಂತ್ರಿಕ ಮತ್ತು ಕಾನ್ಸುಲರ್ ಅಧಿಕಾರಿಗಳ ಕಾಯ್ದೆ ಅವರಿಗೆ ನೋಟರಿಯ ಅಧಿಕಾರ ಕೊಟ್ಟಿದೆ. ಕರಡನ್ನು ಊರಿನಲ್ಲೇ ವಕೀಲರಿಂದ ಬರೆಸಿ ತರಿಸಿಕೊಳ್ಳಿ. ರಾಯಭಾರ ಕಚೇರಿಯಲ್ಲಿ ಅಧಿಕಾರಿಯ ಎದುರೇ ಸಹಿ ಹಾಕಿ, ಮನೆಯಲ್ಲಿ ಮೊದಲೇ ಹಾಕಿಕೊಂಡು ಹೋಗಬೇಡಿ.

## ಪೇಪರ್ ಜಾಹೀರಾತು, ಗೆಜೆಟ್

ಯಾವ ಪೇಪರಿನಲ್ಲಿ ಜಾಹೀರಾತು ಹಾಕಬೇಕು?

ಇಲ್ಲಿಯವರು ಸಾಮಾನ್ಯವಾಗಿ ಒಂದು ಕನ್ನಡ ದಿನಪತ್ರಿಕೆ, ಒಂದು ಇಂಗ್ಲಿಷ್ ದಿನಪತ್ರಿಕೆ ಎಂದು ಎರಡರಲ್ಲಿ ಹಾಕುತ್ತಾರೆ. ನೀವು ವಾಸವಿರುವ ಊರಿನಲ್ಲಿ ಓದುವ ಪತ್ರಿಕೆ ಆಗಿರಬೇಕು. ನಾಲ್ಕೈದು ಸಾಲು ಸಾಕು: ಹಳೆಯ ಹೆಸರು, ಹೊಸ ಹೆಸರು, ವಿಳಾಸ, ಅಫಿಡವಿಟ್ ಆದ ದಿನಾಂಕ, ಯಾವ ನೋಟರಿ ಎದುರು ಎಂಬುದು. ಅಫಿಡವಿಟ್ ಮೊದಲು, ಜಾಹೀರಾತು ಆಮೇಲೆ. ದಿನಾಂಕಗಳು ಹಿಂದುಮುಂದಾದರೆ ಗೆಜೆಟ್ ಅರ್ಜಿಯಲ್ಲಿ ಪ್ರಶ್ನೆ ಬರುತ್ತದೆ.

ಜಾಹೀರಾತು ಬಂದ ದಿನ ಪೇಪರಿನ ನಾಲ್ಕು ಪ್ರತಿ ತಂದಿಡಿ. ಆ ಚೌಕವನ್ನು ಮಾತ್ರ ಕತ್ತರಿಸಬೇಡಿ. ಪತ್ರಿಕೆಯ ಹೆಸರು ಮತ್ತು ದಿನಾಂಕ ಇರುವ ಪೂರ್ತಿ ಪುಟ ಬೇಕು. ಕನ್ನಡದ ಜಾಹೀರಾತಿನಲ್ಲಿ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲೂ ಹಾಕಿಸಿ, ಏಕೆಂದರೆ ಆಮೇಲೆ ಹೋಲಿಸಿ ನೋಡುವುದು ಆ ಸ್ಪೆಲ್ಲಿಂಗನ್ನೇ.

ಗೆಜೆಟ್ ಅಂದರೆ ಬೆಂಗಳೂರಿಗೆ ಹೋಗಬೇಕಾ, ದೆಹಲಿಗಾ? ಪ್ರಕ್ರಿಯೆ ಏನು?

ರಾಜ್ಯದ ಗೆಜೆಟ್ ಬೇರೆ, ಕೇಂದ್ರದ ಗೆಜೆಟ್ ಬೇರೆ. ನಿಮ್ಮ ಹತ್ತಿರ ಕೇಳಿದವರು ಯಾವುದು ಎಂದು ಹೇಳಿರದಿದ್ದರೆ ಕೇಂದ್ರದ್ದು ಮಾಡಿಸುವುದು ಅನುಕೂಲ. ಹೊರರಾಜ್ಯ, ಪಾಸ್‌ಪೋರ್ಟ್, ವಿದೇಶ ಎಲ್ಲ ಕಡೆ ಅದು ನಡೆಯುತ್ತದೆ. ಅದನ್ನು ಪ್ರಕಟಿಸುವುದು ದೆಹಲಿಯ ಸಿವಿಲ್ ಲೈನ್ಸ್‌ನಲ್ಲಿರುವ ಪ್ರಕಟಣಾ ಇಲಾಖೆ. ವಾರದ ಗೆಜೆಟ್‌ನ ನಾಲ್ಕನೇ ಭಾಗದಲ್ಲಿ ಹೆಸರು ಬದಲಾವಣೆಗಳು ಬರುತ್ತವೆ. ನೀವು ದೆಹಲಿಗೆ ಹೋಗಬೇಕೆಂದಿಲ್ಲ.

ಇಲಾಖೆಯ ನಿಗದಿತ ನಮೂನೆಯಲ್ಲಿ 'ಇಲ್ಲಿಯವರೆಗೆ ಈ ಹೆಸರಿನವಳಾಗಿದ್ದ ನಾನು ಇನ್ನು ಮುಂದೆ ಈ ಹೆಸರಿನಿಂದ ಕರೆಯಲ್ಪಡುತ್ತೇನೆ' ಎಂಬ ಅರ್ಥದ ಸಾಲುಗಳು ಇರುತ್ತವೆ. ಅದನ್ನು ಟೈಪ್ ಮಾಡಬೇಕು, ಕೈಬರಹ ನಡೆಯುವುದಿಲ್ಲ. ನೀವು ಸಹಿ ಹಾಕಬೇಕು, ಇಬ್ಬರು ಸಾಕ್ಷಿಗಳೂ ಬೇಕು. ಅದರ ಜೊತೆ ಅಫಿಡವಿಟ್, ಜಾಹೀರಾತು ಬಂದ ಮೂಲ ಪತ್ರಿಕೆ, ಗುರುತಿನ ಚೀಟಿಯ ಪ್ರತಿ, ಫೋಟೊ, ಅದೇ ವಿಷಯದ ಸಾಫ್ಟ್ ಕಾಪಿ, 'ಎರಡರಲ್ಲೂ ಒಂದೇ ವಿಷಯ ಇದೆ' ಎಂಬ ದೃಢೀಕರಣ, ಶುಲ್ಕದ ರಸೀದಿ. ಇಷ್ಟೂ ಸೇರಿದರೆ ಅರ್ಜಿ ಪೂರ್ಣ. ಶುಲ್ಕ ಮತ್ತು ನಮೂನೆಯನ್ನು ಅರ್ಜಿ ಹಾಕುವ ದಿನ ಇಲಾಖೆಯ ಜಾಲತಾಣದಲ್ಲೇ ನೋಡಿ, ಏಜೆಂಟರ ಹಳೆಯ ಫಾರ್ಮ್ ಬಳಸಬೇಡಿ.

ಪ್ರಕಟವಾದ ಮೇಲೆ egazette.gov.in ನಲ್ಲಿ ನಾಲ್ಕನೇ ಭಾಗದ ಪಿಡಿಎಫ್ ಸಿಗುತ್ತದೆ. ಪೂರ್ತಿ ಸಂಚಿಕೆ ದೊಡ್ಡದಿರುತ್ತದೆ. ಮೊದಲ ಪುಟ ಮತ್ತು ನಿಮ್ಮ ಹೆಸರಿರುವ ಪುಟ ಎರಡನ್ನೂ ಪ್ರಿಂಟ್ ತೆಗೆದಿಡಿ. ಮೊದಲ ಪುಟ ಇಲ್ಲದೆ ಇದ್ದರೆ ಯಾವ ಸಂಚಿಕೆ, ಯಾವ ದಿನಾಂಕ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಫೈಲನ್ನು ಮೇಲ್‌ನಲ್ಲೂ ಕಳಿಸಿಟ್ಟುಕೊಳ್ಳಿ.

ಗೆಜೆಟ್ ಆಯಿತು. ಇನ್ನು ಬೋರ್ಡ್, ಯೂನಿವರ್ಸಿಟಿ ಬದಲಾಯಿಸಿ ಕೊಡಲೇಬೇಕಲ್ವಾ?

ಇಲ್ಲ. ಗೆಜೆಟ್ ಒಂದು ಪ್ರಕಟಣೆ. ನೀವು ಹೆಸರು ಬದಲಾಯಿಸಿದ್ದೀರಿ ಎಂದು ಅದು ಎಲ್ಲರಿಗೂ ತಿಳಿಸುತ್ತದೆ. ಬೇರೆ ಕಚೇರಿಯ ರಿಜಿಸ್ಟರ್ ತಿದ್ದಿ ಎಂದು ಅದು ಆದೇಶ ಮಾಡುವುದಿಲ್ಲ. ಆದರೆ ಬಹಳ ಸಲ ತಿದ್ದುವ ಅಗತ್ಯವೇ ಬರುವುದಿಲ್ಲ. ಹಳೆಯ ಡಿಗ್ರಿ ಸರ್ಟಿಫಿಕೇಟ್ ಜೊತೆ ಗೆಜೆಟ್ ಪ್ರತಿ ಇಟ್ಟರೆ ಹೆಚ್ಚಿನ ಉದ್ಯೋಗದಾತರು ಒಪ್ಪುತ್ತಾರೆ. ಗೆಜೆಟ್‌ಗೆ ಖರ್ಚು ಮಾಡಿದ ಮೇಲೂ 'ಸರ್ಟಿಫಿಕೇಟ್ ಬದಲಾಗಲಿಲ್ಲ' ಎಂದು ಬೇಸರ ಮಾಡುವವರಿಗೆ ನಾನು ಹೇಳುವುದು ಇದನ್ನೇ: ಎರಡನ್ನೂ ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಿ, ಒಟ್ಟಿಗೆ ಕೊಡಿ.

## ಸರ್ಟಿಫಿಕೇಟನ್ನೇ ಬದಲಾಯಿಸಬೇಕಾದಾಗ

ಡಿಗ್ರಿಯದ್ದು ಮಾತ್ರ ಬದಲಾಯಿಸಲಿಕ್ಕೆ ಆಗುತ್ತದಾ? ಎಸ್ಸೆಸ್ಸೆಲ್ಸಿ ಹಾಗೆಯೇ ಇರಲಿ.

ಸಾಮಾನ್ಯವಾಗಿ ಆಗುವುದಿಲ್ಲ. ಇದು ಕೆಳಗಿನಿಂದ ಮೇಲೆ ಹೋಗಬೇಕಾದ ಕೆಲಸ. ಪಿಯುಸಿಯವರು ಎಸ್ಸೆಸ್ಸೆಲ್ಸಿ ನೋಡಿ ಹೆಸರು ಬರೆದುಕೊಂಡಿದ್ದಾರೆ. ಕಾಲೇಜಿನವರು ಪ್ರವೇಶದ ದಿನ ಅದೇ ಹೆಸರನ್ನು ವಿಶ್ವವಿದ್ಯಾಲಯಕ್ಕೆ ಕಳಿಸಿದ್ದಾರೆ. ನೀವು ಕೊಣಾಜೆಯ ಮಂಗಳಗಂಗೋತ್ರಿಗೆ ಹೋಗಿ ಪರೀಕ್ಷಾಂಗ ಕುಲಸಚಿವರ ಕಚೇರಿಯಲ್ಲಿ ಕೇಳಿದರೂ ಮೊದಲ ಪ್ರಶ್ನೆ 'ಎಸ್ಸೆಸ್ಸೆಲ್ಸಿಯಲ್ಲಿ ಹೇಗಿದೆ?' ಎಂದೇ ಇರುತ್ತದೆ. ಅಲ್ಲಿ ಬದಲಾಗದೆ ಮೇಲೆ ಬದಲಾಯಿಸಿದರೆ ಇನ್ನೊಂದು ವ್ಯತ್ಯಾಸ ಹುಟ್ಟುತ್ತದೆ ಅಷ್ಟೆ.

ಡಿಗ್ರಿಯಲ್ಲಿ ಮಾತ್ರ ತಪ್ಪಾಗಿ, ಎಸ್ಸೆಸ್ಸೆಲ್ಸಿಯಲ್ಲಿ ಸರಿ ಇದ್ದರೆ ಮಾತು ಬೇರೆ. ಆಗ ಕಾಲೇಜಿನ ಪ್ರಾಂಶುಪಾಲರ ಮೂಲಕ ಎಸ್ಸೆಸ್ಸೆಲ್ಸಿ ಪ್ರತಿ ಇಟ್ಟು ಅರ್ಜಿ ಹಾಕಿದರೆ ಸರಿಯಾಗುತ್ತದೆ.

ಎಸ್ಸೆಸ್ಸೆಲ್ಸಿಯಲ್ಲಿ ಬದಲಾಯಿಸಲು ಕೋರ್ಟಿಗೆ ಹೋಗಬೇಕು ಅಂತಾರೆ. ನಿಜವಾ?

ತಪ್ಪು ತಿದ್ದುಪಡಿ ಅಲ್ಲ, ಬದಲಾವಣೆಯೇ ಎಂದಾದರೆ ಹೌದು, ಹೆಚ್ಚಾಗಿ ಅಲ್ಲಿಗೇ ಹೋಗಿ ಮುಟ್ಟುತ್ತದೆ. ಸಿವಿಲ್ ಕೋರ್ಟಿನಲ್ಲಿ ಘೋಷಣೆಯ ದಾವೆ ಹಾಕಬೇಕು. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 34ನೇ ಕಲಮು ಇದಕ್ಕೆ ಆಧಾರ. ಶಾಲೆ, ಕ್ಷೇತ್ರ ಶಿಕ್ಷಣಾಧಿಕಾರಿ, ಬೆಂಗಳೂರು ಮಲ್ಲೇಶ್ವರದ ಪರೀಕ್ಷಾ ಮಂಡಳಿ ಇವರನ್ನು ಪ್ರತಿವಾದಿಗಳಾಗಿ ಸೇರಿಸುತ್ತಾರೆ. ಸರ್ಕಾರಿ ಅಧಿಕಾರಿಗಳ ಮೇಲಿನ ದಾವೆ ಆದ್ದರಿಂದ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಂತೆ ಮೊದಲು ನೋಟಿಸ್ ಕೊಟ್ಟು ಎರಡು ತಿಂಗಳು ಕಾಯಬೇಕು. ತುರ್ತು ಇದ್ದರೆ ಕೋರ್ಟಿನ ಅನುಮತಿ ಪಡೆದು ಮೊದಲೇ ಹಾಕಬಹುದು. ವೀಸಾದ ಕೊನೆಯ ದಿನ ಹತ್ತಿರ ಬಂದಾಗ ಈ ಎರಡು ತಿಂಗಳ ಸುದ್ದಿ ಕೇಳಿ ಜನ ಕಂಗಾಲಾಗುತ್ತಾರೆ.

ಮಂಡಳಿಯನ್ನು ಪ್ರತಿವಾದಿ ಮಾಡದೆ ಶಾಲೆಯ ಮೇಲೆ ಮಾತ್ರ ಡಿಕ್ರಿ ತಂದವರೂ ಇದ್ದಾರೆ. ಶಾಲೆಯ ರಿಜಿಸ್ಟರ್ ಬದಲಾಗುತ್ತದೆ, ಮಾರ್ಕ್ಸ್ ಕಾರ್ಡ್ ಅಲ್ಲಿಗೇ ನಿಲ್ಲುತ್ತದೆ. ಯಾವ ಯಾವ ದಾಖಲೆ ಬದಲಾಗಬೇಕೋ ಅದನ್ನು ಕೊಡುವ ಸಂಸ್ಥೆ ಎಲ್ಲವೂ ದಾವೆಯಲ್ಲಿ ಇವೆಯಾ ಎಂದು ವಕೀಲರ ಹತ್ತಿರ ಮೊದಲೇ ಕೇಳಿ.

ಸುಪ್ರೀಂ ಕೋರ್ಟ್ ತೀರ್ಪು ಬಂದಿದೆ, ಈಗ ಎಲ್ಲರೂ ಬದಲಾಯಿಸಿಕೊಡಬೇಕು ಅಂತ ಓದಿದೆ.

ನೀವು ಓದಿದ್ದು 2021ರ ಜೂನ್‌ನಲ್ಲಿ ಬಂದ ಜಿಗ್ಯಾ ಯಾದವ್ ಪ್ರಕರಣದ ತೀರ್ಪು ಇರಬೇಕು. ಅದು ಸಿಬಿಎಸ್‌ಇ ಕುರಿತಾದದ್ದು. ಹೆಸರು ವ್ಯಕ್ತಿಯ ಗುರುತಿನ ಭಾಗ, ಅದರ ಮೇಲಿನ ಹಕ್ಕನ್ನು ಬೋರ್ಡ್ ಪೂರ್ತಿ ಮುಚ್ಚಿಹಾಕುವಂತಿಲ್ಲ ಎಂದು ಕೋರ್ಟ್ ಹೇಳಿತು. ಇದು ನಿಜವಾಗಿಯೂ ದೊಡ್ಡ ಮಾತು.

ಆದರೆ ಅದೇ ತೀರ್ಪಿನಲ್ಲಿ ಷರತ್ತುಗಳೂ ಇವೆ. ಶಾಲೆಯ ದಾಖಲೆಗೆ ಅಥವಾ ಜನನ ಪ್ರಮಾಣಪತ್ರದಂಥ ಸಾರ್ವಜನಿಕ ದಾಖಲೆಗೆ ಹೊಂದಿಸಲು ಕೇಳುವ ತಿದ್ದುಪಡಿಗೆ ದಾರಿ ಸುಲಭ. ಆಮೇಲೆ ತಾನೇ ಆರಿಸಿಕೊಂಡ ಹೊಸ ಹೆಸರಿಗೆ ಬೋರ್ಡ್ ಕೋರ್ಟಿನ ಅನುಮತಿ ಮತ್ತು ಗೆಜೆಟ್ ಪ್ರಕಟಣೆ ಕೇಳಬಹುದು. ಹಳೆಯ ಸರ್ಟಿಫಿಕೇಟ್ ವಾಪಸ್ ಕೇಳಬಹುದು. ಹೊಸದರಲ್ಲಿ ಬದಲಾವಣೆಯ ಟಿಪ್ಪಣಿಯನ್ನೂ ಹಾಕಬಹುದು. ನೀವು ಕೇಂದ್ರೀಯ ವಿದ್ಯಾಲಯದಲ್ಲೋ ಸಿಬಿಎಸ್‌ಇ ಶಾಲೆಯಲ್ಲೋ ಓದಿದ್ದರೆ ಇದು ನೇರ ಅನ್ವಯ. ರಾಜ್ಯದ ಎಸ್ಸೆಸ್ಸೆಲ್ಸಿಯವರ ವಕೀಲರು ಇದನ್ನು ವಾದದಲ್ಲಿ ಬಳಸಬಹುದು, ಆದರೆ ಕೌಂಟರಿನಲ್ಲಿ ತೀರ್ಪಿನ ಪ್ರತಿ ತೋರಿಸಿದರೆ ಕೆಲಸ ಆಗುವುದಿಲ್ಲ.

## ಸ್ವಲ್ಪ ಗೋಜಲಿನವು

ನಾನು ನರ್ಸ್. ಸರ್ಟಿಫಿಕೇಟಿನಲ್ಲಿ ಒಂದು, ಹಳೆ ಪಾಸ್‌ಪೋರ್ಟಿನಲ್ಲಿ ಇನ್ನೊಂದು, ಈಗಿನದರಲ್ಲಿ ಮತ್ತೊಂದು ಹೆಸರು. ಎಲ್ಲಿಂದ ಶುರು ಮಾಡಲಿ?

ಇಂಥವರು ನಮ್ಮಲ್ಲಿ ಬಹಳ. ಮೇಲಿನ ವಿದ್ಯಾಳ ಉದಾಹರಣೆಯನ್ನೇ ಮುಂದುವರಿಸೋಣ.

ವಿದ್ಯಾಳ ಎಸ್ಸೆಸ್ಸೆಲ್ಸಿ, ಪಿಯುಸಿ, ಬಿ.ಎಸ್ಸಿ ನರ್ಸಿಂಗ್, ನರ್ಸಿಂಗ್ ಕೌನ್ಸಿಲ್ ನೋಂದಣಿ ಎಲ್ಲದರಲ್ಲೂ 'ವಿದ್ಯಾ ಕೆ.'. ಮದುವೆಗೆ ಮೊದಲು ಮಾಡಿಸಿದ ಪಾಸ್‌ಪೋರ್ಟಿನಲ್ಲಿ 'ವಿದ್ಯಾ ಕೋಟ್ಯಾನ್'. ಮದುವೆ ಸರ್ಟಿಫಿಕೇಟಿನಲ್ಲೂ ಅದೇ. ಈಗಿನ ಆಧಾರ್, ಪಾಸ್‌ಪೋರ್ಟ್ 'ವಿದ್ಯಾ ಸುವರ್ಣ'. ಗಲ್ಫಿನ ಆಸ್ಪತ್ರೆ ಕೆಲಸ ಕೊಟ್ಟಿದೆ, ಡೇಟಾಫ್ಲೋ ಪರಿಶೀಲನೆ ಆಗಬೇಕು. ಆ ಸಂಸ್ಥೆ ಸರ್ಟಿಫಿಕೇಟ್ ಅಸಲಿಯೋ ಎಂದು ನೇರ ವಿಶ್ವವಿದ್ಯಾಲಯವನ್ನೇ ಕೇಳುತ್ತದೆ.

ಒಂದು ಹಾಳೆ ತೆಗೆದು ಎಲ್ಲ ದಾಖಲೆ, ಅದರ ಹೆಸರು, ದಿನಾಂಕ ಸಾಲಾಗಿ ಬರೆದರೆ ಎರಡು ಜಿಗಿತ ಕಾಣುತ್ತದೆ. 'ಕೆ.' ಇಂದ 'ಕೋಟ್ಯಾನ್', ಆಮೇಲೆ 'ಕೋಟ್ಯಾನ್' ಇಂದ 'ಸುವರ್ಣ'. ಎರಡನೆಯದನ್ನು ಮದುವೆ ಸರ್ಟಿಫಿಕೇಟ್ ಹಳೆಯ ಪಾಸ್‌ಪೋರ್ಟ್ ಜೊತೆ ಸೇರಿ ಪೂರ್ತಿ ವಿವರಿಸುತ್ತದೆ. ಮೊದಲನೆಯದಕ್ಕೆ ಯಾವ ದಾಖಲೆಯೂ ಇಲ್ಲ. ಅಫಿಡವಿಟ್ ಬೇಕಾದದ್ದು ಅಲ್ಲಿಗೆ. ಹೆಚ್ಚಿನವರು ಅಫಿಡವಿಟ್‌ನಲ್ಲಿ 'ವಿದ್ಯಾ ಕೆ.' ಮತ್ತು 'ವಿದ್ಯಾ ಸುವರ್ಣ' ಎರಡನ್ನೇ ಬರೆದು ನಡುವಿನ ಹೆಸರನ್ನು ಬಿಡುತ್ತಾರೆ. ಆಗ ಹಳೆಯ ಪಾಸ್‌ಪೋರ್ಟ್, ಮದುವೆ ಸರ್ಟಿಫಿಕೇಟ್ ಯಾರದ್ದೋ ಮೂರನೆಯವರದ್ದು ಎಂದಾಗುತ್ತದೆ. ಮೂರೂ ಹೆಸರು ಬರಲಿ, ಯಾವುದು ಯಾವ ದಾಖಲೆಯಲ್ಲಿ ಎಂಬುದೂ ಬರಲಿ.

ಇನ್ನೊಂದು ತೊಡಕು ನಮ್ಮ ಕಡೆಯದ್ದು. ವಿದ್ಯಾಳ ಅಪ್ಪನ ಹೆಸರು 'ಪೂಜಾರಿ' ಎಂದು ಮುಗಿಯುತ್ತದೆ, ಮಗಳದ್ದು 'ಕೋಟ್ಯಾನ್'. ತುಳುವರಲ್ಲಿ 'ಬರಿ', ಅಂದರೆ ಕುಲದ ಹೆಸರು, ತಾಯಿಯಿಂದ ಮಕ್ಕಳಿಗೆ ಬರುತ್ತದೆ ಎಂದು ನಮಗೆ ಹೇಳಬೇಕಾಗಿಲ್ಲ. ಹೊರಗಿನ ಪರಿಶೀಲಕರಿಗೆ ಅದು ಅನುಮಾನ. ಅಫಿಡವಿಟ್‌ನಲ್ಲಿ ಒಂದು ಸಾಲು ಹಾಕಿಬಿಡಿ: 'ನನ್ನ ಹೆಸರಿನ ಕೆ. ಎಂಬುದು ಸಮುದಾಯದ ಪದ್ಧತಿಯಂತೆ ತಾಯಿಯ ಕಡೆಯಿಂದ ಬಂದ ಕೋಟ್ಯಾನ್ ಎಂಬುದರ ಸಂಕ್ಷೇಪ.' ಜನನ ಪ್ರಮಾಣಪತ್ರದಲ್ಲೋ ಅಮ್ಮನ ಆಧಾರ್‌ನಲ್ಲೋ ಕೋಟ್ಯಾನ್ ಇದ್ದರೆ ಪ್ರತಿ ಲಗತ್ತಿಸಿ.

ವಿದ್ಯಾ ಸರ್ಟಿಫಿಕೇಟ್ ಬದಲಾಯಿಸಲು ಹೊರಟರೆ ಏನಾಗುತ್ತದೆ ನೋಡಿ. ಕೋರ್ಟ್, ಮಂಡಳಿಯ ಎಸ್ಸೆಸ್ಸೆಲ್ಸಿ, ಪಿಯುಸಿ, ವಿಶ್ವವಿದ್ಯಾಲಯ, ಆಮೇಲೆ ನರ್ಸಿಂಗ್ ಕೌನ್ಸಿಲ್. ಒಂದು ಮುಗಿಯದೆ ಇನ್ನೊಂದು ಶುರುವಾಗುವುದಿಲ್ಲ. ನಡುವೆ ಎಲ್ಲಾದರೂ ನಿಂತರೆ ಅರ್ಧ ದಾಖಲೆ ಹಳೆ ಹೆಸರು, ಅರ್ಧ ಹೊಸ ಹೆಸರು. ಅವಳ ಡಿಗ್ರಿ, ಕೌನ್ಸಿಲ್ ಎರಡೂ ಒಂದೇ ಹೆಸರಿನಲ್ಲಿ ಇರುವುದು ಈಗ ಅವಳ ಬಲ. ಪರಿಶೀಲನೆಯ ಅರ್ಜಿಯಲ್ಲಿ ಸರ್ಟಿಫಿಕೇಟಿನ ಹೆಸರನ್ನು ಇದ್ದಂತೆಯೇ ತುಂಬಿ, ಮೂರು ಹೆಸರಿನ ಅಫಿಡವಿಟ್, ಮದುವೆ ಸರ್ಟಿಫಿಕೇಟ್, ಹಳೆಯ ಪಾಸ್‌ಪೋರ್ಟಿನ ಪ್ರತಿ ಕೊಡಲಿ. ಆಸ್ಪತ್ರೆಯವರು ಅಷ್ಟು ಸಾಲದು ಎಂದರೆ ಮಾತ್ರ ಗೆಜೆಟ್. ಇಂಥ ಪ್ರಕರಣದಲ್ಲಿ ನನ್ನ ಸಲಹೆ ಯಾವಾಗಲೂ ಇದೇ. ಹಳೆಯ ಪಾಸ್‌ಪೋರ್ಟ್ ರದ್ದಾಗಿದ್ದರೂ ಬಿಸಾಡಬೇಡಿ.

ನಾನು ಓದಿದ ಶಾಲೆ ಮುಚ್ಚಿಹೋಗಿದೆ. ರಿಜಿಸ್ಟರ್ ಎಲ್ಲಿ ಹುಡುಕಲಿ?

ಆ ತಾಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಕೇಳಿ. ಮುಚ್ಚಿದ ಶಾಲೆಯ ದಾಖಲೆಗಳನ್ನು ಆ ಕಚೇರಿಗೋ ಹತ್ತಿರದ ಇನ್ನೊಂದು ಶಾಲೆಗೋ ಒಪ್ಪಿಸಿರುತ್ತಾರೆ. ಶಾಲೆಯ ಹೆಸರು, ನೀವು ಬಿಟ್ಟ ವರ್ಷ, ಟಿಸಿ ಸಂಖ್ಯೆ ಬರೆದು ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಉತ್ತರ ಬಾರದಿದ್ದರೆ ಅದೇ ವಿಷಯವನ್ನು ಮಾಹಿತಿ ಹಕ್ಕು ಅರ್ಜಿಯಲ್ಲಿ ಕೇಳಬಹುದು, 30 ದಿನದಲ್ಲಿ ಉತ್ತರ ಕೊಡಬೇಕಾಗುತ್ತದೆ.

ಡೈವೋರ್ಸ್ ಆಗಿದೆ. ತವರಿನ ಹೆಸರಿಗೆ ವಾಪಸ್ ಹೋಗಬೇಕು. ಸರ್ಟಿಫಿಕೇಟಿಗೆ ಏನು ಮಾಡಬೇಕು?

ಸರ್ಟಿಫಿಕೇಟ್ ಬದಲಾಯಿಸಿರದಿದ್ದರೆ ಏನೂ ಮಾಡಬೇಕಾಗಿಲ್ಲ. ಅದರಲ್ಲಿ ಮೊದಲಿನಿಂದಲೂ ನಿಮ್ಮ ತವರಿನ ಹೆಸರೇ ಇದೆ. ಡಿಕ್ರಿಯ ದೃಢೀಕೃತ ಪ್ರತಿ ಇಟ್ಟು ಆಧಾರ್, ಪಾಸ್‌ಪೋರ್ಟ್, ಬ್ಯಾಂಕ್ ಸರಿ ಮಾಡಿಸಿಕೊಳ್ಳಿ. ಮದುವೆಯಾದಾಗ ಗೆಜೆಟ್ ಮಾಡಿಸಿದ್ದರೆ ಈಗ ವಾಪಸ್ ಬಂದದ್ದಕ್ಕೂ ಅಫಿಡವಿಟ್, ಜಾಹೀರಾತು, ಗೆಜೆಟ್ ಮಾಡಿಸಿ. ಇಲ್ಲದಿದ್ದರೆ ಸಾರ್ವಜನಿಕ ದಾಖಲೆಯಲ್ಲಿ ಕೊನೆಯದಾಗಿ ಉಳಿಯುವುದು ಗಂಡನ ಹೆಸರಿನ ಪ್ರಕಟಣೆ.

ನಾನು ಟ್ರಾನ್ಸ್‌ಜೆಂಡರ್. ನನಗೂ ಇದೇ ದಾರಿಯಾ?

ಅಲ್ಲ, ನಿಮಗೆ ಬೇರೆ ಕಾನೂನು ಇದೆ. ನೀವು ಹಳೆಯ ಹೆಸರಿನ ಸರ್ಟಿಫಿಕೇಟ್ ಹಿಡಿದುಕೊಂಡು ಪ್ರತಿ ಕಡೆ ವಿವರಣೆ ಕೊಡುತ್ತಿರಬೇಕು ಎಂದು ಹೇಳುವುದು ಸರಿಯಲ್ಲ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆ ಕಾಯ್ದೆಯಲ್ಲಿ ಜಿಲ್ಲಾಧಿಕಾರಿ ಕೊಡುವ ಗುರುತಿನ ಪ್ರಮಾಣಪತ್ರದ ಆಧಾರದಲ್ಲಿ ಅಧಿಕೃತ ದಾಖಲೆಗಳನ್ನು ಬದಲಾಯಿಸಲು ಅವಕಾಶವಿದೆ. ಮೊದಲು ಆ ಪ್ರಮಾಣಪತ್ರ ಪಡೆಯಿರಿ, ಆಮೇಲೆ ಅದರ ಪ್ರತಿಯೊಂದಿಗೆ ಮಂಡಳಿಗೆ ಮತ್ತು ವಿಶ್ವವಿದ್ಯಾಲಯಕ್ಕೆ ಲಿಖಿತ ಅರ್ಜಿ ಕೊಡಿ. ಮೌಖಿಕವಾಗಿ 'ಆಗುವುದಿಲ್ಲ' ಎಂದರೆ ಅದನ್ನೇ ಹಿಂಬರಹವಾಗಿ ಬರೆದು ಕೊಡಿ ಎಂದು ಕೇಳಿ. ಮುಂದೆ ಹೈಕೋರ್ಟಿಗೆ ಹೋಗಬೇಕಾದರೆ ಆ ಬರಹ ಬೇಕಾಗುತ್ತದೆ.

ಹೊಸ ಸರ್ಟಿಫಿಕೇಟ್ ಬಂದರೆ ಹಳೆಯದನ್ನು ನಾವೇ ಇಟ್ಟುಕೊಳ್ಳಬಹುದಾ?

ಇಲ್ಲ. ಹಳೆಯ ಮೂಲ ಪ್ರತಿಯನ್ನು ಒಪ್ಪಿಸಿದ ಮೇಲೆಯೇ ಹೊಸದನ್ನು ಕೊಡುವುದು ರೂಢಿ. ಒಪ್ಪಿಸುವ ಮೊದಲು ಎರಡೂ ಬದಿ ಬಣ್ಣದಲ್ಲಿ ಸ್ಕ್ಯಾನ್ ಮಾಡಿ, ಎರಡು ದೃಢೀಕೃತ ಜೆರಾಕ್ಸ್ ಮಾಡಿಸಿ, ಒಪ್ಪಿಸಿದ್ದಕ್ಕೆ ಸ್ವೀಕೃತಿ ಪಡೆಯಿರಿ. ಹಳೆಯದನ್ನು ತೋರಿಸಿ ಈಗಾಗಲೇ ಎಲ್ಲಾದರೂ ಕೆಲಸಕ್ಕೆ ಸೇರಿದ್ದರೆ, ಅಟೆಸ್ಟೇಷನ್ ಮಾಡಿಸಿದ್ದರೆ, ಆ ಕಡೆಯ ದಾಖಲೆಯಲ್ಲಿ ಹಳೆಯ ಪ್ರತಿಯ ಸಂಖ್ಯೆಯೇ ಇರುತ್ತದೆ. ಹೊಸ ಪ್ರತಿಗೆ ಅಟೆಸ್ಟೇಷನ್ ಮೊದಲಿನಿಂದ ಮಾಡಿಸಬೇಕು. ಇದನ್ನೂ ಲೆಕ್ಕ ಹಾಕಿ, ಆಮೇಲೆ ಅರ್ಜಿ ಹಾಕಿ. ಹೊಸದು ಕೈಗೆ ಬಂದಾಗ ಕೌಂಟರ್ ಬಿಡುವ ಮೊದಲು ಅಲ್ಲೇ ಓದಿ ನೋಡಿ: ಹೆಸರು, ಅಪ್ಪ ಅಮ್ಮನ ಹೆಸರು, ಜನ್ಮದಿನಾಂಕ, ನೋಂದಣಿ ಸಂಖ್ಯೆ. ಲ್ಯಾಮಿನೇಷನ್ ಮಾಡಿಸಬೇಡಿ. ಅಟೆಸ್ಟೇಷನ್ ಮುದ್ರೆಯನ್ನು ಅದೇ ಕಾಗದದ ಹಿಂದೆ ಹಾಕಬೇಕಾಗುತ್ತದೆ.